ಕಂಪ್ಯೂಟರಿನಲ್ಲಿ ಸರಿ ಇರುವ ಪಿಡಿಎಫ್ ಫೋನಿನಲ್ಲಿ ಮಾತ್ರ ಗೋಜಲಾಗಿ ಬರುತ್ತಿದೆ, ಯಾಕೆ?

ಸವಿತಾ_ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಬರುವ ಭಾನುವಾರ ವಾರ್ಷಿಕ ಮಹಾಸಭೆ ಇದೆ. 28 ಪುಟದ ವರದಿಯನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದೆವು. ಅವರು ಪಿಡಿಎಫ್ ಕಳಿಸಿದರು. ಸಂಘದ ಕಂಪ್ಯೂಟರಿನಲ್ಲಿ ತೆಗೆದು 28 ಪುಟವನ್ನೂ ಓದಿದೆ, ಎಲ್ಲಾ ಸರಿ ಇತ್ತು. ಹಾಗೇ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ.

ಹತ್ತು ನಿಮಿಷದಲ್ಲಿ ಫೋನ್ ಮೇಲೆ ಫೋನ್. ಮುಖಪುಟ ಚೆನ್ನಾಗಿದೆಯಂತೆ. ಎರಡನೇ ಪುಟದಿಂದ ಒಂದಕ್ಷರವೂ ಕನ್ನಡ ಇಲ್ಲ. "ಕನ್ನಡ" ಅಂತ ಇರಬೇಕಾದ ಕಡೆ `PÀ£ÀßqÀ` ಅಂತ ಬರುತ್ತಿದೆ. ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಪಟ್ಟಿಯಲ್ಲಿ ಸದಸ್ಯರ ಹೆಸರು ಪಕ್ಕದ ಕಾಲಮ್ಮಿಗೆ ನುಗ್ಗಿದೆ. ಆದರೆ ಲೀಟರ್, ರೂಪಾಯಿ ಅಂಕಿಗಳು ಮಾತ್ರ ಸರಿಯಾಗಿಯೇ ಇವೆ. ನನ್ನ ಫೋನಿನಲ್ಲೂ ಹಾಗೇ ಇದೆ. ಅದೇ ಫೈಲ್, ಕಂಪ್ಯೂಟರಿನಲ್ಲಿ ಒಂದು ಥರ, ಫೋನಿನಲ್ಲಿ ಒಂದು ಥರ ಯಾಕೆ? ಪಿಡಿಎಫ್ ಎಲ್ಲಿ ತೆಗೆದರೂ ಒಂದೇ ಥರ ಇರುತ್ತದೆ ಅಂತ ಕೇಳಿದ್ದೆ, ಅಲ್ವಾ?

ರವಿ ಬೆಂಗಳೂರು

ಫೋನ್ ಪರದೆ ಚಿಕ್ಕದು ಮೇಡಂ. A4 ಪುಟವನ್ನು ಅಷ್ಟರಲ್ಲಿ ಹಿಡಿಸಬೇಕು ಅಂದರೆ ಅಕ್ಷರ ಅತ್ತಿತ್ತ ಆಗುತ್ತದೆ. ಫೋನನ್ನು ಅಡ್ಡ ಹಿಡಿದು ನೋಡಿ.

ಸವಿತಾ_ಮಂಡ್ಯ

ಅಡ್ಡ ಹಿಡಿದೆ ಸರ್. ದೊಡ್ಡದಾಗಿ ಅದೇ ಗೋಜಲು ಕಾಣಿಸಿತು.

ಅಚ್ಚುಮನೆ

ರವಿ ಅವರೇ, ಪರದೆಗೂ ಇದಕ್ಕೂ ಸಂಬಂಧ ಇಲ್ಲ. ಪಿಡಿಎಫ್ ಒಳಗೆ ಪುಟದ ಅಳತೆ ಬರೆದಿರುತ್ತದೆ. A4 ಆದರೆ 210 × 297 ಮಿಲಿಮೀಟರ್. ಫೋನ್ ಆ ಪುಟವನ್ನು ಹಾಗೇ ಚಿಕ್ಕದು ಮಾಡಿ ತೋರಿಸುತ್ತದೆ ಅಷ್ಟೇ. ಸಾಲನ್ನು ಹೊಸದಾಗಿ ಮುರಿಯುವುದಿಲ್ಲ.

ಸವಿತಾ ಅವರೇ, ನಾನು ಇಪ್ಪತ್ತು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಮುಖಪುಟ ಸರಿ, ಒಳಪುಟ ಕೆಟ್ಟಿದೆ, ಅಂಕಿ ಸರಿ ಇದೆ. ಈ ಮೂರೂ ಸೇರಿದರೆ ನನಗೆ ಒಂದೇ ಅನುಮಾನ: ನುಡಿ ಫಾಂಟು ಪಿಡಿಎಫ್ ಒಳಗೆ ಸೇರಿಲ್ಲ. ಸಂಘದ ಕಂಪ್ಯೂಟರಿನಲ್ಲಿ ನುಡಿ ಇದೆಯಾ?

ಸವಿತಾ_ಮಂಡ್ಯ

ಇದೆ ಸರ್, ಪತ್ರ ಬರೆಯೋಕೆ ಅದನ್ನೇ ಬಳಸುತ್ತೇವೆ. ಆದರೆ ನನ್ನ ಕಂಪ್ಯೂಟರಿನಲ್ಲಿ ಇದ್ದರೇನು? ಪಿಡಿಎಫ್ ಮಾಡಿದ್ದು ಅಂಗಡಿಯವರು.

ಅಚ್ಚುಮನೆ

ಅದೇ ವಿಷಯ. ಪಿಡಿಎಫ್ ಒಳಗೆ ಎರಡು ಥರ ಸರಕು ಇರಬಹುದು. ಒಂದು, ಎಲ್ಲಿ ಯಾವ ಅಕ್ಷರ ಇಡಬೇಕು ಅನ್ನುವ ಲೆಕ್ಕ. ಇನ್ನೊಂದು, ಆ ಅಕ್ಷರದ ರೂಪ, ಅಂದರೆ ಫಾಂಟು. ಎರಡನೆಯದು ಒಳಗೆ ಇಲ್ಲದಿದ್ದರೆ ಅಲ್ಲಿ ಬರೀ ಹೆಸರು ಇರುತ್ತದೆ: "Nudi01e ಬಳಸು". ತೆಗೆದ ಕಂಪ್ಯೂಟರಿನಲ್ಲಿ ಆ ಹೆಸರಿನ ಫಾಂಟು ಇದ್ದರೆ ಅದನ್ನು ಎರವಲು ತೆಗೆದುಕೊಂಡು ತೋರಿಸುತ್ತದೆ. ಅಂಗಡಿಯಲ್ಲಿ ನುಡಿ ಇದೆ, ಸಂಘದಲ್ಲೂ ಇದೆ. ಅದಕ್ಕೇ ಎರಡೂ ಕಡೆ ಯಾರಿಗೂ ತಪ್ಪು ಗೊತ್ತಾಗಲಿಲ್ಲ. ಸದಸ್ಯರ ಫೋನಿನಲ್ಲಿ ನುಡಿ ಇಲ್ಲ. ಫೋನು ತನ್ನ ಹತ್ತಿರ ಇರುವ ಯಾವುದೋ ಇಂಗ್ಲಿಷ್ ಫಾಂಟನ್ನು ಅಲ್ಲಿ ಕೂರಿಸಿತು.

ಹಾಗಾದರೆ `PÀ£ÀßqÀ` ಎಲ್ಲಿಂದ ಬಂತು? ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿವೆ. `P` ಜಾಗದಲ್ಲಿ ತಲೆಕಟ್ಟಿಲ್ಲದ ಕ, `À` ಜಾಗದಲ್ಲಿ ತಲೆಕಟ್ಟು. ನುಡಿ ತೆಗೆದುಬಿಟ್ಟರೆ ಕೆಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಅಂಕಿಯ ಜಾಗದಲ್ಲಿ ಅಂಕಿಯೇ ಇರುವುದರಿಂದ ಫಾಂಟು ಬದಲಾದರೂ ಅಂಕಿ ಅಂಕಿಯಾಗಿಯೇ ಉಳಿಯಿತು.

ಅಕ್ಷರ ಒಂದರ ಮೇಲೊಂದು ಹತ್ತಿದ್ದಕ್ಕೂ ಇದೇ ಕಾರಣ. ಪ್ರತಿ ಅಕ್ಷರಕ್ಕೆ ಎಷ್ಟು ಅಗಲ ಬಿಡಬೇಕು ಅಂತ ಪಿಡಿಎಫ್ ಒಳಗೆ ಬರೆದಿದೆ. ಆ ಅಗಲ ನುಡಿಯ ಅಕ್ಷರಕ್ಕೆ ಹೊಲಿದ ಅಂಗಿ. ಅದರೊಳಗೆ ಬೇರೆ ಫಾಂಟಿನ ದಪ್ಪ ಅಕ್ಷರ ಬಂದರೆ ಪಕ್ಕದ ಅಕ್ಷರದ ಮೇಲೆ ಬೀಳಲೇಬೇಕು. ತೆಳ್ಳಗಿದ್ದರೆ ನಡುವೆ ಖಾಲಿ ಬಿಡುತ್ತದೆ. ಆದರೆ ಮುಂದಿನ ಕಾಲಮ್ಮಿನ ಅಂಕಿ ಎಲ್ಲಿ ಶುರುವಾಗಬೇಕೋ ಅಲ್ಲೇ ಶುರುವಾಗುತ್ತದೆ, ಅದರ ಜಾಗ ಬೇರೆಯಾಗಿ ಬರೆದಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಹೆಸರು ನುಗ್ಗಿದರೂ ಲೀಟರ್ ಕಾಲಮ್ಮು ಅಲುಗಾಡಿಲ್ಲ ನೋಡಿ.

ಸವಿತಾ_ಮಂಡ್ಯ

ಹೌದು ಸರ್, ಲೀಟರ್ ಕಾಲಮ್ಮು ನೇರವಾಗಿದೆ! ಆದರೆ ಮುಖಪುಟ ಹೇಗೆ ಸರಿ ಬಂತು? ಅದೂ ಕನ್ನಡವೇ.

ಅಚ್ಚುಮನೆ

ಮುಖಪುಟವನ್ನು ಕೋರಲ್ ಡ್ರಾನಲ್ಲಿ ಮಾಡಿರುತ್ತಾರೆ. ಅಲ್ಲಿ ಮುದ್ರಣಕ್ಕೆ ಕೊಡುವ ಮೊದಲು Ctrl+Q ಒತ್ತಿ ಅಕ್ಷರವನ್ನೆಲ್ಲ ಕರ್ವ್ ಮಾಡುವ ಅಭ್ಯಾಸ ಇದೆ. ಆಮೇಲೆ ಅದು ಅಕ್ಷರ ಅಲ್ಲ, ಗೆರೆಯಲ್ಲಿ ಬಿಡಿಸಿದ ಚಿತ್ರ. ಚಿತ್ರಕ್ಕೆ ಫಾಂಟು ಬೇಕಿಲ್ಲ. ಒಳಪುಟ ಪೇಜ್‌ಮೇಕರ್‌ನದು ಇರಬೇಕು.

ನಾಗೇಶ ಹಾಸನ

ನನಗೂ ಇದೇ ಆಗಿದೆ! ಬಾಡಿಗೆ ಕರಾರು ಪತ್ರ ವರ್ಡ್‌ನಲ್ಲಿ ಮಾಡಿ ಕಳಿಸಿದ್ದೆ. ಲ್ಯಾಪ್‌ಟಾಪಿನಲ್ಲಿ 3 ಪುಟ, ಫೋನಿನಲ್ಲಿ 4 ಪುಟ. ಸಹಿ ಮಾಡುವ ಸಾಲು ಒಂದೇ ನಾಲ್ಕನೇ ಪುಟಕ್ಕೆ ಹೋಗಿ ಕೂತಿತ್ತು.

ಲಿನಕ್ಸ್ ಭಟ್ಟ

ನಾಗೇಶಣ್ಣ, ನೀವು ಕಳಿಸಿದ್ದು .docx ಅಲ್ವಾ? ಅದು ಪಿಡಿಎಫ್ ಅಲ್ಲ. ವರ್ಡ್ ಫೈಲನ್ನು ತೆಗೆದ ಪ್ರತಿ ಸಲ ಆ ಯಂತ್ರ ಸಾಲನ್ನು ಹೊಸದಾಗಿ ಮುರಿಯುತ್ತದೆ. ಫಾಂಟು ಚೂರು ಅಗಲ ಆದರೂ ಸಾಲು ಜಾಸ್ತಿ, ಪುಟ ಜಾಸ್ತಿ. ಸವಿತಾ ಅವರ ಫೈಲಿನಲ್ಲಿ ಪುಟದ ಸಂಖ್ಯೆ ಬದಲಾಗಿಲ್ಲ, 28 ಅಂದರೆ ಫೋನಿನಲ್ಲೂ 28 ಇರುತ್ತದೆ. ಪುಟ ಹೆಚ್ಚಾದರೆ ಅದು ಪಿಡಿಎಫ್ ಅಲ್ಲ, ಇಲ್ಲವೇ ನೀವು ಓದುವ ಆ್ಯಪ್ ಪುಟವನ್ನು ಬಿಚ್ಚಿ ಫೋನಿಗೆ ತಕ್ಕಂತೆ ಜೋಡಿಸುತ್ತಿದೆ. ಅಡೋಬ್ ಆ್ಯಪ್‌ನಲ್ಲಿ Liquid Mode ಅಂತ ಒಂದಿದೆ, ಅದು ಹೀಗೆ ಮಾಡುತ್ತದೆ. ಆಫ್ ಮಾಡಿದರೆ ಮೂಲ ಪುಟ ವಾಪಸ್ ಬರುತ್ತದೆ.

ರವಿ ಬೆಂಗಳೂರು

ವಾಟ್ಸ್‌ಆ್ಯಪ್ ಫೋಟೋನ ಕುಗ್ಗಿಸುವ ಹಾಗೆ ಪಿಡಿಎಫ್ ಕೂಡ ಕುಗ್ಗಿಸಿ ಫಾಂಟು ತೆಗೆದಿರಬಹುದಲ್ಲ?

ಲಿನಕ್ಸ್ ಭಟ್ಟ

ಇಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದ ಫೈಲನ್ನು ಅದು ಮುಟ್ಟುವುದಿಲ್ಲ. ಅನುಮಾನ ಇದ್ದರೆ ಕಳಿಸುವ ಮೊದಲು ಮತ್ತು ಇಳಿಸಿಕೊಂಡ ಮೇಲೆ ಫೈಲಿನ ಬೈಟ್ ಲೆಕ್ಕ ಹೋಲಿಸಿ, ಒಂದೂ ವ್ಯತ್ಯಾಸ ಇರುವುದಿಲ್ಲ.

ಸವಿತಾ ಅವರೇ, ಊಹೆ ಬೇಡ, ನೋಡಿಯೇ ಬಿಡೋಣ. ಕಂಪ್ಯೂಟರಿನಲ್ಲಿ ಆ ಪಿಡಿಎಫನ್ನು ಅಡೋಬ್ ರೀಡರಿನಲ್ಲಿ ತೆಗೆದು Ctrl+D ಒತ್ತಿ. Fonts ಅನ್ನುವ ಟ್ಯಾಬ್‌ನಲ್ಲಿ ಏನಿದೆ ಬರೆಯಿರಿ. ಫಾಂಟು ಒಳಗಿದ್ದರೆ ಹೆಸರಿನ ಪಕ್ಕ `(Embedded Subset)` ಅಂತ ಇರುತ್ತದೆ.

ಸವಿತಾ_ಮಂಡ್ಯ

ನೋಡಿದೆ. ಎರಡೇ ಹೆಸರು ಇವೆ. ಒಂದು `Nudi01e`, ಇನ್ನೊಂದು `Nudi01e,Bold`. ಯಾವುದರ ಪಕ್ಕದಲ್ಲೂ Embedded ಅಂತ ಇಲ್ಲ. ಕೆಳಗೆ `Actual Font: Nudi01e` ಅಂತಿದೆ. ಅಂದರೆ ಸರಿ ಇದೆ ಅಂತ ತಾನೇ?

ಲಿನಕ್ಸ್ ಭಟ್ಟ

ಅಲ್ಲಿಯೇ ಎಲ್ಲರೂ ಮೋಸ ಹೋಗುವುದು. Actual Font ಅನ್ನುವ ಸಾಲು ಬಂದಿದೆ ಅಂದರೆನೇ ಎರವಲು ತಂದಿದ್ದು ಅಂತ ಅರ್ಥ. ನಿಮ್ಮ ಯಂತ್ರದಲ್ಲಿ ನುಡಿ ಇರುವುದರಿಂದ ಎರವಲೂ ನುಡಿಯೇ ಆಯಿತು. ನುಡಿ ಇಲ್ಲದ ಕಂಪ್ಯೂಟರಿನಲ್ಲಿ ಇದೇ ಸಾಲಿನಲ್ಲಿ `Adobe Sans MM` ಥರದ ಹೆಸರು ಕಾಣಿಸುತ್ತದೆ.

ಲಿನಕ್ಸ್ ಇರುವವರು ಒಂದೇ ಸಾಲಿನಲ್ಲಿ ನೋಡಬಹುದು:

```
pdffonts varadi.pdf
```

ಬರುವ ಪಟ್ಟಿಯಲ್ಲಿ `emb` ಅನ್ನುವ ಕಾಲಮ್ಮು ನೋಡಿ. ಎಲ್ಲಾ ಸಾಲಿನಲ್ಲೂ `yes` ಇರಬೇಕು. ಒಂದು `no` ಇದ್ದರೂ ಅದು ಬೇರೆಯವರ ಫೋನಿನಲ್ಲಿ ಕೈಕೊಡಬಹುದು.

ಶಾಲಿನಿ ಎಚ್.

ನಮ್ಮ ಮನೆಯಲ್ಲಿ ಎರಡು ಫೋನ್. ಒಂದರಲ್ಲಿ ಇಂಗ್ಲಿಷ್ ಥರ ಗೋಜಲು, ಇನ್ನೊಂದರಲ್ಲಿ ಬರೀ ಚೌಕ. ಫೈಲ್ ಒಂದೇ.

ಅಚ್ಚುಮನೆ

ಫಾಂಟು ಇಲ್ಲದಾಗ ಏನನ್ನು ಕೂರಿಸಬೇಕು ಅನ್ನುವುದು ಆಯಾ ಆ್ಯಪ್‌ಗೆ ಬಿಟ್ಟಿದ್ದು. ಹಾಗಾಗಿ ಒಂದೊಂದು ಆ್ಯಪ್ ಒಂದೊಂದು ಥರ ತೋರಿಸುತ್ತದೆ. ಅವುಗಳಲ್ಲಿ ಯಾವುದು ಸರಿ ಅಂತ ಹುಡುಕಿ ಪ್ರಯೋಜನ ಇಲ್ಲ.

ಪ್ರದೀಪ್ ಕೆ.

ಇಷ್ಟೆಲ್ಲಾ ಯಾಕೆ? ನುಡಿ ಬಿಟ್ಟು ಯೂನಿಕೋಡಿನಲ್ಲಿ ಬರೆದರೆ ಈ ಸಮಸ್ಯೆಯೇ ಬರುವುದಿಲ್ಲ. ಎಲ್ಲಾ ಫೋನಿನಲ್ಲೂ ಕನ್ನಡ ಯೂನಿಕೋಡ್ ಫಾಂಟು ಇದೆ.

ಲಿನಕ್ಸ್ ಭಟ್ಟ

ಯೂನಿಕೋಡ್ ಬಳಸಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ "ಸಮಸ್ಯೆಯೇ ಬರುವುದಿಲ್ಲ" ಅನ್ನುವುದು ತಪ್ಪು. ಯೂನಿಕೋಡ್ ಫಾಂಟಿನಿಂದ ಮಾಡಿದ ಪಿಡಿಎಫ್ ಒಳಗೆ ಸಾಮಾನ್ಯವಾಗಿ "ಕ" ಅಂತ ಇಟ್ಟಿರುವುದಿಲ್ಲ. ಈ ಫಾಂಟಿನ ಇಂಥ ನಂಬರಿನ ರೂಪ ಅಂತ ಇರುತ್ತದೆ. ವಿಂಡೋಸಿನ Tunga ಫಾಂಟಿನ ನಂಬರಿಗೂ ಆಂಡ್ರಾಯ್ಡಿನ Noto Sans Kannada ಫಾಂಟಿನ ನಂಬರಿಗೂ ತಾಳೆ ಇಲ್ಲ. ಫಾಂಟು ಒಳಗೆ ಸೇರದಿದ್ದರೆ ಫೋನಿನಲ್ಲಿ ಕನ್ನಡ ಇದ್ದರೂ ಅಕ್ಷರ ಅದಲು ಬದಲಾಗಿ ಬರಬಹುದು. ಒಳ್ಳೆಯದು ಏನೆಂದರೆ, ಇವತ್ತಿನ ವರ್ಡ್, ಲಿಬ್ರೆಆಫೀಸ್ ತಾವಾಗಿಯೇ ಫಾಂಟು ಸೇರಿಸುತ್ತವೆ. ನಿಮಗೆ ತೊಂದರೆ ಆಗದೇ ಇರುವುದಕ್ಕೆ ಅದು ಕಾರಣ, ಬರೀ ಯೂನಿಕೋಡ್ ಅಲ್ಲ.

ಅಚ್ಚುಮನೆ

ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದೇ ಇಲ್ಲ ಪ್ರದೀಪ್. ಸಣ್ಣ ಊರಿನ ಅಂಗಡಿಗಳು ಇನ್ನೂ ಅದರ ಮೇಲೇ ನಡೆಯುತ್ತಿವೆ. ನಾನು ಇನ್‌ಡಿಸೈನ್‌ಗೆ ಬಂದೆ. ಅಲ್ಲಿ World-Ready ಕಂಪೋಸರ್ ಆರಿಸದೇ ಹೋದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಅದನ್ನು ಕಂಡುಕೊಳ್ಳುವುದಕ್ಕೇ ನನಗೆ ಒಂದು ವಾರ ಹೋಯಿತು. ಹುಡುಗರು ಸುಲಭವಾಗಿ "ಬಿಟ್ಟುಬಿಡಿ" ಅನ್ನುತ್ತಾರೆ. ಹದಿನೈದು ವರ್ಷದ ಹಳೆಯ ಫೈಲುಗಳನ್ನು ಏನು ಮಾಡೋಣ?

ಪ್ರದೀಪ್ ಕೆ.

ಪರಿವರ್ತಕಗಳು ಇವೆ ಸರ್. ಹಳೆಯದನ್ನು ಹಾಕಿದರೆ ಯೂನಿಕೋಡ್ ಬರುತ್ತದೆ.

ಮೇಷ್ಟ್ರು ತುಮಕೂರು

ಬರುತ್ತದೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. "ಕರ್ನಾಟಕ" ನುಡಿಯಲ್ಲಿ `PÀ£ÁðlPÀ`. ಅದರಲ್ಲಿ ಅರ್ಕಾವತ್ತು `ð`, ಕಣ್ಣಿಗೆ ಕಾಣುವ ಹಾಗೆ ನಾ ಆದ ಮೇಲೆ ಬಂದಿದೆ. ಯೂನಿಕೋಡಿನಲ್ಲಿ ರ್ ಮೊದಲು, ನಾ ಆಮೇಲೆ. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಡಬೇಕು. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದಾಗ ಎಡವುವುದನ್ನು ನಾನು ನೋಡಿದ್ದೇನೆ. ನಮ್ಮ ಶಾಲೆಯ ಸ್ಮರಣ ಸಂಚಿಕೆ ಬದಲಿಸಿ, ಮತ್ತೆ ಪೂರ್ತಿ ಕರಡು ತಿದ್ದಬೇಕಾಯಿತು.

ಸವಿತಾ_ಮಂಡ್ಯ

ಕ್ಷಮಿಸಿ, ನನಗೆ ಭಾನುವಾರದ ಒಳಗೆ ಬೇಕು. ಸದಸ್ಯರ ಫೋನಿಗೆ ನುಡಿ ಹಾಕಿಸಬಹುದಾ?

ಲಿನಕ್ಸ್ ಭಟ್ಟ

ಬೇಡ. ಫೋನಿನ ಪಿಡಿಎಫ್ ಆ್ಯಪ್‌ಗಳು ಹಾಗೆ ಹಾಕಿದ ಫಾಂಟನ್ನು ನೋಡುತ್ತವೆ ಅನ್ನುವ ಭರವಸೆ ಇಲ್ಲ. ಅಷ್ಟೂ ಸದಸ್ಯರಿಗೆ ಹಾಕಿಸುವುದೂ ಆಗುವ ಮಾತಲ್ಲ. ಕಳಿಸುವ ಕಡೆಯೇ ಸರಿ ಮಾಡಬೇಕು.

ರವಿ ಬೆಂಗಳೂರು

ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿಬಿಡಿ ಮೇಡಂ. ನಾನು ಹಾಗೇ ಮಾಡುತ್ತೇನೆ.

ಅಚ್ಚುಮನೆ

ಮದುವೆ ಪತ್ರಿಕೆ ಒಂದು ಹಾಳೆ ಆದರೆ ಆಗುತ್ತದೆ. 28 ಪುಟದ ಲೆಕ್ಕಪತ್ರಕ್ಕೆ ಬೇಡ. ದೊಡ್ಡದು ಮಾಡಿದರೆ ಅಂಕಿ ಮಸುಕಾಗುತ್ತದೆ. 3 ಯಾವುದು 8 ಯಾವುದು ಗೊತ್ತಾಗದಿದ್ದರೆ ಮಹಾಸಭೆಯಲ್ಲಿ ಜಗಳವೇ ಆಗುತ್ತದೆ.

ಸವಿತಾ, ಮೂಲದಲ್ಲಿ ಸರಿಯಾಗಬೇಕು ಅಂದರೆ ಅಂಗಡಿಗೆ ಫೋನ್ ಮಾಡಿ. ಪೇಜ್‌ಮೇಕರ್‌ನಿಂದ ಡಿಸ್ಟಿಲ್ಲರ್ ಮೂಲಕ ಪಿಡಿಎಫ್ ಮಾಡುತ್ತಿದ್ದರೆ, ಅದರ ಸೆಟ್ಟಿಂಗಿನಲ್ಲಿ Fonts ಅನ್ನುವ ಭಾಗ ತೆಗೆಯಲು ಹೇಳಿ. `Embed all fonts` ಗುರುತು ಹಾಕಿರಬೇಕು. `Never Embed` ಅನ್ನುವ ಪಟ್ಟಿಯಲ್ಲಿ ನುಡಿ ಇರಬಾರದು. ಅಲ್ಲೇ `When embedding fails` ಅಂತ ಒಂದಿದೆ, ಅದನ್ನು `Cancel job` ಮಾಡಿಸಿ. ಆಗ ಫಾಂಟು ಸೇರದಿದ್ದರೆ ಪಿಡಿಎಫ್ ಹುಟ್ಟುವುದೇ ಇಲ್ಲ, ತಪ್ಪು ಅಂಗಡಿಯಲ್ಲೇ ಗೊತ್ತಾಗುತ್ತದೆ. ತುಂಬಾ ಅಂಗಡಿಗಳಲ್ಲಿ ಅದು `Ignore` ಆಗಿರುತ್ತದೆ.

ಅಂಗಡಿಯವರು ಸಿಗದಿದ್ದರೆ, ನಿಮ್ಮ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಕಾಣುತ್ತಿದೆ ತಾನೇ, ಅಲ್ಲಿಂದಲೇ ಪ್ರಿಂಟ್ ಕೊಟ್ಟು, ಪ್ರಿಂಟರ್ ಜಾಗದಲ್ಲಿ `Microsoft Print to PDF` ಆರಿಸಿ. ಕಣ್ಣಿಗೆ ಕಾಣುವ ನುಡಿ ಹೊಸ ಪಿಡಿಎಫ್ ಒಳಗೆ ಹೋಗುತ್ತದೆ.

ಸವಿತಾ_ಮಂಡ್ಯ

ಅಂಗಡಿ ಇವತ್ತು ಮುಚ್ಚಿದೆ. ಎರಡನೇ ದಾರಿ ಮಾಡಿದೆ. ಮೊದಲು ನನ್ನ ಫೋನಿಗೆ ಮಾತ್ರ ಕಳಿಸಿ ನೋಡಿದೆ. ಕನ್ನಡ ಬಂತು! ತುಂಬಾ ಥ್ಯಾಂಕ್ಸ್ ಸರ್. ಆದರೆ ಒಂದು ವಿಚಿತ್ರ. ಪುಟ ಚೂರು ಚಿಕ್ಕದಾಗಿದೆ. ಎಡ ಬಲ ಎರಡೂ ಕಡೆ ಖಾಲಿ ಜಾಗ ಜಾಸ್ತಿ ಆಗಿದೆ. ಕಾಲಮ್ಮುಗಳು ಸರಿ ಇವೆ.

ಲಿನಕ್ಸ್ ಭಟ್ಟ

ಕಾಗದದ ಅಳತೆ Letter ಆಗಿರಬೇಕು. ಲೆಕ್ಕ ಹಾಕಿ ನೋಡಿ. Letter ಹಾಳೆ 215.9 × 279.4 ಮಿಲಿಮೀಟರ್. A4 ಹಾಳೆಯ ಎತ್ತರ 297. ಆ ಎತ್ತರವನ್ನು 279.4 ರಲ್ಲಿ ಹಿಡಿಸಬೇಕು ಅಂದರೆ ಪುಟವನ್ನು ಶೇ. 94 ಕ್ಕೆ ಕುಗ್ಗಿಸಬೇಕು. ಆಗ 210 ಅಗಲ ಸುಮಾರು 198 ಆಗುತ್ತದೆ. ಹಾಳೆ ಮಾತ್ರ 216. ಉಳಿದಿದ್ದು ಎರಡೂ ಬದಿಗೆ ಹಂಚಿ ಒಂಬತ್ತು ಮಿಲಿಮೀಟರ್ ಖಾಲಿ. ಇದಕ್ಕೂ ಫಾಂಟಿಗೂ ಸಂಬಂಧ ಇಲ್ಲ. ಪ್ರಿಂಟ್ ಕೊಡುವಾಗ ಕಾಗದ A4 ಮಾಡಿ, `Fit` ಬದಲು `Actual size` ಆರಿಸಿ.

ಸವಿತಾ_ಮಂಡ್ಯ

ಅದೇ ಆಗಿತ್ತು, Letter ಇತ್ತು. A4 ಮಾಡಿದೆ, ಈಗ ಮೊದಲಿನ ಅಳತೆಗೇ ಬಂತು. ಮನೆಯವರ ಫೋನು, ಅತ್ತೆಯ ಫೋನು, ಪಕ್ಕದ ಮನೆಯವರ ಐಫೋನು, ಮೂರರಲ್ಲೂ ನೋಡಿ ಗುಂಪಿಗೆ ಹಾಕಿದೆ.

ಶಾಲಿನಿ ಎಚ್.

ನನ್ನ ಹತ್ತಿರ ಮೂರು ಫೋನ್ ಇಲ್ಲದಿದ್ದರೆ? ಕಂಪ್ಯೂಟರಿನಲ್ಲೇ ಕ್ರೋಮ್‌ನಲ್ಲಿ ತೆಗೆದು ನೋಡಿದರೆ ಸಾಕಾ?

ಲಿನಕ್ಸ್ ಭಟ್ಟ

ಸಾಕಾಗುವುದಿಲ್ಲ. ಕ್ರೋಮ್ ಕೂಡ ಅದೇ ಕಂಪ್ಯೂಟರಿನ ಫಾಂಟನ್ನು ಎರವಲು ತರಬಹುದು. ಫಾಂಟು ಹಾಕಿರುವ ಯಂತ್ರದಲ್ಲಿ ಕಣ್ಣಿನಿಂದ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಒಂದೋ Fonts ಪಟ್ಟಿ ನೋಡಿ, ಇಲ್ಲ ಒಂದು ಫೋನಿನಲ್ಲಿ ತೆಗೆದು ನೋಡಿ.

ಗಿರಿಜಾ ಶಿರಸಿ

ನಾನು ಯಕ್ಷಗಾನದ ಕರಪತ್ರಕ್ಕೆ ಬೇರೆ ಒಂದು ಅಲಂಕಾರದ ಫಾಂಟು ಬಳಸಿದೆ. ವರ್ಡ್‌ನಿಂದಲೇ ಪಿಡಿಎಫ್ ಮಾಡಿದ್ದು. ಉಳಿದ ಫಾಂಟೆಲ್ಲ ಸೇರಿತು, ಅದೊಂದು ಸೇರಲೇ ಇಲ್ಲ. ಸೆಟ್ಟಿಂಗ್ ಎಲ್ಲಾ ಸರಿ ಇದೆ. ಯಾಕೆ?

ಅಚ್ಚುಮನೆ

ಕೆಲವು ಫಾಂಟು ಮಾಡಿದವರೇ "ಬೇರೆ ಫೈಲಿನೊಳಗೆ ಸೇರಿಸಬಾರದು" ಅಂತ ಫಾಂಟಿನಲ್ಲಿ ಗುರುತು ಹಾಕಿರುತ್ತಾರೆ. ವಿಂಡೋಸಿನ Fonts ಫೋಲ್ಡರಿನಲ್ಲಿ `Font embeddability` ಅನ್ನುವ ಕಾಲಮ್ಮು ನೋಡಿ. `Restricted` ಅಂತಿದ್ದರೆ ವರ್ಡ್ ಅದನ್ನು ಸೇರಿಸುವುದಿಲ್ಲ. ಕರಪತ್ರದ ತಲೆಬರಹಕ್ಕೆ ಮಾತ್ರ ಬಳಸಿದ್ದರೆ ಕೋರಲ್‌ನಲ್ಲಿ ಕರ್ವ್ ಮಾಡಿ ಚಿತ್ರದ ಹಾಗೆ ಇಡಿ. ಅದಕ್ಕೂ ಫಾಂಟಿನವರ ಲೈಸೆನ್ಸಿನಲ್ಲಿ ಒಪ್ಪಿಗೆ ಇದೆಯಾ ನೋಡಿಕೊಳ್ಳಿ.

ಗಿರಿಜಾ ಶಿರಸಿ

ಹೌದು, Restricted ಅಂತಲೇ ಇದೆ. ಬೇರೆ ಫಾಂಟು ಹುಡುಕುತ್ತೇನೆ.

ಮೇಷ್ಟ್ರು ತುಮಕೂರು

ಎಲ್ಲವನ್ನೂ ಕರ್ವ್ ಮಾಡುವ ಅಭ್ಯಾಸ ಬೇಡ ಅಂತ ನನ್ನ ಕೋರಿಕೆ. ನನ್ನ ಸ್ನೇಹಿತರೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಫೋನು ಓದಿ ಹೇಳಿದ್ದನ್ನು ಕೇಳುತ್ತಾರೆ. ಕರ್ವ್ ಮಾಡಿದ ಪುಟದಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ನುಡಿ ಸೇರಿಸಿದ ಪಿಡಿಎಫ್ ಕಣ್ಣಿಗೆ ಸರಿ, ಆದರೆ ಅದರಿಂದ ಒಂದು ಸಾಲು ಕಾಪಿ ಮಾಡಿದರೆ ಮತ್ತೆ `PÀ£ÀßqÀ` ಬರುತ್ತದೆ. ಫೋನು ಅದನ್ನೇ "ಪಿ ಎ" ಅಂತ ಓದುತ್ತದೆ. ಅವರಿಗೆ ಯೂನಿಕೋಡ್ ಒಂದೇ ದಾರಿ.

ಪ್ರದೀಪ್ ಕೆ.

ಇದನ್ನೇ ನಾನು ಹೇಳಿದ್ದು. ಹುಡುಕಲೂ ಆಗುವುದಿಲ್ಲ.

ಅಚ್ಚುಮನೆ

ಈ ಮಾತು ಒಪ್ಪಿದೆ ಮೇಷ್ಟ್ರೇ. ನಾನು ಇಷ್ಟು ದಿನ ಕಾಗದಕ್ಕೆ ಮಾತ್ರ ಕೆಲಸ ಮಾಡಿದವನು, ಕೇಳಿಸಿಕೊಳ್ಳುವವರನ್ನು ಯೋಚಿಸಿರಲಿಲ್ಲ. ಆದರೂ ಯೂನಿಕೋಡ್ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಒತ್ತಕ್ಷರ ಹಿಂದೆ ಮುಂದೆ ಆಗಿದ್ದನ್ನು ನಾನು ನೋಡಿದ್ದೇನೆ. ಅದು ಯಾವ ತಂತ್ರಾಂಶದಿಂದ ಸರಿಯಾಗಿ ಬರುತ್ತದೆ, ಯಾರಾದರೂ ಪರೀಕ್ಷೆ ಮಾಡಿದ್ದೀರಾ?

ಲಿನಕ್ಸ್ ಭಟ್ಟ

ಲಿಬ್ರೆಆಫೀಸಿನದು ನನಗೆ ಬಹುಪಾಲು ಸರಿ ಬಂದಿದೆ. ವರ್ಡ್‌ನದು ಕೆಲವು ಸಲ ತಪ್ಪಿದೆ. ಒಂದೇ ಪುಟವನ್ನು ಎರಡರಲ್ಲೂ ಮಾಡಿ ಇಲ್ಲಿ ಹಾಕುತ್ತೇನೆ, ಎಲ್ಲರೂ ನಿಮ್ಮ ಫೋನಿನಲ್ಲಿ ಕಾಪಿ ಮಾಡಿ ನೋಡಿ ಹೇಳಿ.

ನಾಗೇಶ ಹಾಸನ

ನನ್ನ ಕರಾರು ಪತ್ರವನ್ನು ಈಗ ಪಿಡಿಎಫ್ ಮಾಡಿ ಕಳಿಸಿದೆ. 3 ಪುಟ, ಸಹಿ ಮೂರನೇ ಪುಟದಲ್ಲೇ ಇದೆ. ಇನ್ನೊಂದು ಕೇಳಲಾ? ಒಂದು ಅರ್ಜಿಯ ಪಿಡಿಎಫ್‌ನಲ್ಲಿ ಹೆಸರು ವಿಳಾಸ ಕಂಪ್ಯೂಟರಿನಲ್ಲಿ ತುಂಬಿದೆ. ಫೋನಿನಲ್ಲಿ ತೆಗೆದರೆ ಖಾನೆಗಳೆಲ್ಲ ಖಾಲಿ.

ಲಿನಕ್ಸ್ ಭಟ್ಟ

ಅದು ಬೇರೆಯೇ ಕಥೆ ನಾಗೇಶಣ್ಣ, ತುಂಬುವ ಖಾನೆಗಳದ್ದು. ಕಳಿಸುವ ಮೊದಲು ಅದನ್ನೂ Print to PDF ಮಾಡಿ ನೋಡಿ. ಆದರೆ ಅರ್ಜಿ ತೆಗೆದುಕೊಳ್ಳುವವರು ಖಾನೆಗಳು ಹಾಗೇ ಇರಬೇಕು ಅನ್ನಬಹುದು, ಮೊದಲು ಅವರನ್ನು ಕೇಳಿ.

ಸವಿತಾ_ಮಂಡ್ಯ

ಅಂಗಡಿಯವರು ಈಗ ಫೋನ್ ಮಾಡಿದ್ದರು. ನೋಡಿದರಂತೆ, `Embed all fonts` ಗುರುತು ಇರಲಿಲ್ಲ, `Ignore` ಇತ್ತು. ಎರಡೂ ಬದಲಿಸಿ ಹೊಸ ಪಿಡಿಎಫ್ ಕಳಿಸಿದರು. ಮೊದಲಿನದು 412 ಕೆಬಿ, ಇದು 497 ಕೆಬಿ. Ctrl+D ಒತ್ತಿ ನೋಡಿದೆ, ಎರಡೂ ಹೆಸರಿನ ಪಕ್ಕ `(Embedded Subset)` ಇದೆ. ಮೊನ್ನೆ ಪಕ್ಕದ ಊರಿನ ಸಂಘಕ್ಕೂ ಅವರೇ ವರದಿ ಮಾಡಿಕೊಟ್ಟಿದ್ದಾರೆ, ಆ ಫೈಲನ್ನೂ ಮತ್ತೆ ಮಾಡಿ ಕಳಿಸುತ್ತೇನೆ ಅಂದರು.